ಗೋಡೌನ್ ಭರ್ತಿ, ರೆಡಿ ಮಾಲು ಸಪ್ಲೈಯರ್ ಹತ್ತಿರವೇ ಇರಲಿ ಅಂದರೆ?

ರಮ್ಯಾ, ನೆಲಮಂಗಲ: ಸರ್, ನಮ್ಮ ಗೋಡೌನ್ ಭರ್ತಿ. ಪೀಣ್ಯದ ಸಪ್ಲೈಯರ್ 20,000 ಪ್ರಿಂಟೆಡ್ ರಟ್ಟಿನ ಬಾಕ್ಸ್ ರೆಡಿ ಮಾಡಿದ್ದಾರೆ. ಎರಡು ತಿಂಗಳು ನೀವೇ ಇಟ್ಟುಕೊಳ್ಳಿ ಅಂದರೆ, ಪೂರ್ತಿ ದುಡ್ಡು ಕೊಡಿ ಅಂತಾರೆ. ಕೊಡಬಹುದಾ?

ಶ್ರೀಧರ, ಖರೀದಿ ಸಲಹೆಗಾರರು: ಮೊದಲು ಒಂದು ವಿಷಯ ಕೇಳಿ. ಅವರ ಸ್ಟಾಕ್ ಮೇಲೆ ಬ್ಯಾಂಕ್ ಸಾಲ ಇದೆಯಾ? ಕ್ಯಾಶ್ ಕ್ರೆಡಿಟ್ ಇದ್ದವರು ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ನೀವು ದುಡ್ಡು ಕೊಟ್ಟ ಬಾಕ್ಸೂ ಅದರಲ್ಲೇ ಉಳಿದು, ನಾಳೆ ಸಾಲ ಕೆಟ್ಟು ಬ್ಯಾಂಕ್ ಗೇಟಿಗೆ ಬೀಗ ಹಾಕಿದರೆ, ಒಳಗಿರುವುದು ನಿಮ್ಮದು ಅಂತ ಸಾಬೀತು ಮಾಡುವುದೇ ದೊಡ್ಡ ಹೋರಾಟ. ನನಗೆ ಭಯ ಇರುವುದು ಇಲ್ಲೇ.

ಅದಕ್ಕೆ ಒಂದು ಪತ್ರ ಮಾಡಿಕೊಳ್ಳಿ. ಎಷ್ಟು ಬಾಕ್ಸ್, ಯಾವ ಬ್ಯಾಚ್, ಯಾವ ತಾರೀಖಿನವರೆಗೆ, ಬಾಡಿಗೆ ಯಾರದು, ಬೆಂಕಿ ಬಿದ್ದರೆ ಯಾರ ವಿಮೆ, ಎಲ್ಲ ಬರೆಯಿರಿ. ಬ್ಯಾಂಕಿನ ಪಟ್ಟಿಯಿಂದ ತೆಗೆದಿದ್ದೇವೆ ಅಂತಲೂ ಅವರಿಂದ ಬರೆಸಿಕೊಳ್ಳಿ. ವಿಮೆ ಕಂಪನಿಗೆ ಬೇರೆಯವರ ಮಾಲು ಇದೆ ಅಂತ ಹೇಳದಿದ್ದರೆ ಕ್ಲೇಮ್ ಕಷ್ಟ.

ನಿಮ್ಮವರೊಬ್ಬರನ್ನು ಕಳಿಸಿ ಎಣಿಸಿ. ಕಟ್ಟು ಕಟ್ಟಿಗೂ ನಿಮ್ಮ ಕಂಪನಿ ಹೆಸರಿನ ಚೀಟಿ ಇರಲಿ. ಪ್ಯಾಲೆಟ್ ಮೇಲೆ, ಗೋಡೆಯಿಂದ ದೂರ ಇಡಿಸಿ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಎತ್ತರ ಪೇರಿಸಿದರೆ ಕೆಳಗಿನ ಸಾಲು ಕುಸಿಯುತ್ತದೆ. ಪೂರ್ತಿ ದುಡ್ಡು ಬೇಡ. ಒಂದಿಷ್ಟು ಅಡ್ವಾನ್ಸ್ ಕೊಟ್ಟು, ಉಳಿದದ್ದು ಲಾರಿ ಬಂದಾಗ.

ಬಸವರಾಜ: ಇಷ್ಟೆಲ್ಲ ಯಾಕೆ? ವಾಟ್ಸಾಪ್‌ನಲ್ಲಿ ಬಂದಿದೆ: ಇ-ವೇ ಬಿಲ್ ಮಾಡಿಸಿ, ಮಾಲು ಬಂತು ಅಂತ ಎಂಟ್ರಿ ಹಾಕಿ. ಜಿಎಸ್‌ಟಿ ಕ್ರೆಡಿಟ್ ಈ ತಿಂಗಳೇ ಸಿಗುತ್ತೆ.

ಶ್ರೀಧರ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕ್ರೆಡಿಟ್‌ಗೆ ಮಾಲು ಕೈಸೇರಿರಬೇಕು ಅಂತ ಕಾಯ್ದೆಯ 16(2)ರಲ್ಲೇ ಇದೆ. ಓಡದ ಲಾರಿಗೆ ಇ-ವೇ ಬಿಲ್ ಅಂದರೆ ಸುಳ್ಳು ದಾಖಲೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಮಂಜುನಾಥ, ಪ್ಯಾಕೇಜಿಂಗ್ ಘಟಕ: ಎಲ್ಲ ಕೊಳ್ಳುವವರ ಪರವೇ ಮಾತು. ಕಾಗದಕ್ಕೆ ನಾನು ದುಡ್ಡು ಹಾಕಿ ಆಗಿದೆ. ಸಣ್ಣ ಘಟಕಕ್ಕೆ 45 ದಿನದಲ್ಲಿ ಕೊಡಬೇಕು ಅಂತ ಕಾನೂನು ಇದೆ, ಅಲ್ವಾ?

ಬಸವರಾಜ: ಆ ಲೆಕ್ಕ ಮಾಲು ತಲುಪಿದ ದಿನದಿಂದ ಸ್ವಾಮಿ. ನಿಮ್ಮ ಶೆಡ್ಡಲ್ಲಿದ್ದರೆ ಎಲ್ಲಿಂದ ಶುರು?

ಮಂಜುನಾಥ: ಹಾಗಾದರೆ ವರ್ಷಗಟ್ಟಲೆ ನನ್ನ ಜಾಗದಲ್ಲೇ ಇರಲಾ? ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ.

ಶ್ರೀಧರ: ಮಂಜುನಾಥ್ ಅವರ ಸಂಕಟ ನಿಜ. ತಗೊಂಡು ಹೋಗಿ ಅಂತ ಲಿಖಿತವಾಗಿ ಕೇಳಿ. ಆಮೇಲೂ ಬಾರದಿದ್ದರೆ ಇಟ್ಟುಕೊಂಡ ಖರ್ಚು ಕೇಳುವ ಹಕ್ಕು ಸರಕು ಮಾರಾಟ ಕಾಯ್ದೆಯ 44ರಲ್ಲಿದೆ. ಆದರೆ ನೀವೇ ಇಟ್ಟುಕೊಳ್ಳಲು ಒಪ್ಪಿದ್ದರೆ ಪತ್ರದಲ್ಲಿ ಬರೆದ ಬಾಡಿಗೆಯೇ ಗತಿ.

ಶಬಾನಾ: ನಮ್ಮ ಸಪ್ಲೈಯರ್ ಬಟ್ಟೆ ಕಳಿಸದೆ ಇಟ್ಟುಕೊಂಡಿದ್ದಾರೆ, ಹೇಗೆ ಬಿಡಿಸಿಕೊಳ್ಳುವುದು?

ಗಿರೀಶ: ಪೂರ್ತಿ ದುಡ್ಡು ಕೊಡಬಹುದಾ ಸರ್?

ಶ್ರೀಧರ: ಮೇಲೆ ಓದಿ.

ರಮ್ಯಾ: ಸ್ಟಾಕ್ ಸ್ಟೇಟ್‌ಮೆಂಟ್ ತೋರಿಸಲ್ಲ ಅಂತಿದ್ದಾರೆ ಸರ್.

ಶ್ರೀಧರ: ಹಾಗಾದರೆ ಅಡ್ವಾನ್ಸೂ ಬೇಡ. ಬೇರೆ ಗೋಡೌನ್ ಬಾಡಿಗೆಗೆ ನೋಡಿ.

ಮಂಜುನಾಥ: ಅಡ್ವಾನ್ಸೂ ಇಲ್ಲದೆ ಯಾರು ಇಟ್ಟುಕೊಳ್ತಾರೆ, ನೀವೇ ಹೇಳಿ?