ಪದಚರ್ಚೆ: ‘ಕಡಿದಾದ ಋಣ ಇಳಿಜಾರು’ ಬೇಡವೆಂದರೆ ಮತ್ತೇನು?

ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆಂದು ಭೌತಶಾಸ್ತ್ರದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ವಾಕ್ಯದಲ್ಲಿ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

ನೀರಿನ ಸ್ಥಿತಿನಕ್ಷೆಯಲ್ಲಿ ತಾಪ ಅಡ್ಡಕ್ಕೆ, ಒತ್ತಡ ಮೇಲಕ್ಕೆ. ಘನ ಮತ್ತು ದ್ರವದ ನಡುವಿನ ಗಡಿಗೆರೆ ಹೆಚ್ಚಿನ ವಸ್ತುಗಳಲ್ಲಿ ಬಲಕ್ಕೆ ಬಾಗಿ ಮೇಲೇರುತ್ತದೆ, ನೀರಿನಲ್ಲಿ ಮಾತ್ರ ಎಡಕ್ಕೆ ಬಾಗಿ ಏರುತ್ತದೆ. ನಾನು ಬರೆದದ್ದು ಹೀಗೆ: “ಈ ಗೆರೆಗೆ ಕಡಿದಾದ ಋಣ ಇಳಿಜಾರು ಇರುವುದರಿಂದ ಒತ್ತಡಕ್ಕೆ ಐಸು ಕರಗುತ್ತದೆ.”

ಪಕ್ಕದ ಮನೆ ಹುಡುಗನಿಗೆ ಓದಲು ಕೊಟ್ಟೆ. ಪಿಯುಸಿ ಓದುವವನೇ. ಅವನು ಕೇಳಿದ: “ಇಳಿಜಾರು ಅಂದ್ರೇನೇ ಇಳಿಯೋದಲ್ವಾ ಆಂಟಿ? ಋಣ ಇಳಿಜಾರು ಅಂದ್ರೆ ಹಾಗಾದ್ರೆ ಏರಾ?” ಆಮೇಲೆ, “ಆಗುಂಬೆ ಘಾಟಿ ಥರ ಕಡಿದು ಅಂತೀರಿ. ಹಾಗಿದ್ರೆ ಬೆರಳಲ್ಲಿ ಒತ್ತಿದ್ರೂ ಜರ್ರಂತ ಕರಗ್ಬೇಕು.” ಕೊನೆಗೆ, “ಕರಗೋದು ಅಂದ್ರೆ ಸಕ್ಕರೆ ಕರಗಿದ ಹಾಗಾ?” ಒಂದು ವಾಕ್ಯದಲ್ಲಿ ಮೂರು ಕಡೆ ಎಡವಿದ. ತಪ್ಪು ಅವನದಲ್ಲ ಅಂತ ನನ್ನ ಅನಿಸಿಕೆ. ಪ್ರವಣತೆ ಅಂತ ಹಾಕಿ ಕೈತೊಳೆದುಕೊಳ್ಳಬಹುದು, ಆದರೆ ಆ ಪದ ಕೇಳಿ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟಾನು. ಏನು ಬರೆಯಲಿ?

ಹೊಸನಗರದಿಂದ

ಅಕ್ಕಾ, ನಾನು ಕಟ್ಟಡ ಕಂತ್ರಾಟು ಮಾಡುವವನು, ನಿಮ್ಮ ನಕ್ಷೆ ನನಗೆ ತಿಳಿಯದು. ಪದದ ಮಟ್ಟಿಗೆ ಹೇಳುತ್ತೇನೆ. ನಮ್ಮಲ್ಲಿ ಬಚ್ಚಲಿಗೆ, ತಾರಸಿಗೆ ಕೊಡುವುದು ‘ವಾಟ’. ನೀರು ಯಾವ ಕಡೆಗೆ ಹೋಗಬೇಕು ಅನ್ನುವುದು ಆ ಪದದಲ್ಲೇ ಇರುತ್ತದೆ. “ಮೂಡಲಿಗೆ ವಾಟ ಕೊಡು” ಅಂದರೆ ಮೇಸ್ತ್ರಿ ಋಣವೋ ಧನವೋ ಅಂತ ಕೇಳುವುದಿಲ್ಲ. ನಿಮ್ಮ ಗೆರೆಗೆ ‘ಎಡಕ್ಕೆ ವಾಟ’ ಅಂದರೆ ಆಗುವುದಿಲ್ಲವೇ?

ಶಿವಮೊಗ್ಗದಿಂದ

ಇದರಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವುದೇನಿದೆ? ಏನನ್ನೇ ಒತ್ತಿದರೂ ಬಿಸಿಯಾಗುತ್ತದೆ, ಬಿಸಿಯಾದರೆ ಐಸು ಕರಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿ. ನಾನು ಎಂಜಿನಿಯರು, ಮೊನ್ನೆ ಮಗಳ ಪ್ರಾಜೆಕ್ಟಿಗೆ ಮಾಡಿಯೂ ನೋಡಿದೆ. ಮೀನು ಮಾರ್ಕೆಟ್ಟಿನಿಂದ ತಂದ ಐಸ್ ಗಡ್ಡೆಯನ್ನು ಹತ್ತು ಸೆಂಟಿಮೀಟರು ಅಗಲಕ್ಕೆ ಒಡೆದು ಎರಡು ಸ್ಟೂಲಿನ ನಡುವೆ ಇಟ್ಟೆ. ಅರ್ಧ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ಮೇಲಿಂದ ಹಾಯಿಸಿ ಎರಡೂ ತುದಿಗೆ ಐದೈದು ಕೆಜಿ ಬಟ್ಟು ಕಟ್ಟಿದೆ. ತಂತಿ ಕಣ್ಣೆದುರೇ ಒಳಗಿಳಿಯಿತು. ಅದೇ ದಪ್ಪದ ನೈಲಾನ್ ಗಾಳದ ದಾರ ಹಾಕಿದರೆ ಆಮೆಯ ಹಾಗೆ. ಎರಡಕ್ಕೂ ಭಾರ ಒಂದೇ, ಒತ್ತಡ ಒಂದೇ. ಅಂದಮೇಲೆ ಕರಗಿಸಿದ್ದು ತಾಮ್ರ ತಂದ ಶಾಖವೇ ಹೊರತು ನಿಮ್ಮ ಇಳಿಜಾರಲ್ಲ.

ಕೊಪ್ಪದಿಂದ

ನನ್ನದೂ ಒಂದು. ಧನುರ್ಮಾಸದಲ್ಲಿ ನಮ್ಮನೆ ಕೊಬ್ಬರಿ ಎಣ್ಣೆ ಬಾಟ್ಲಿಯಲ್ಲಿ ಕಲ್ಲಾಗಿರುತ್ತದೆ, ಎಷ್ಟು ಒತ್ತಿದರೂ ಬರುವುದಿಲ್ಲ. ಒಲೆಯ ಪಕ್ಕ ಇಟ್ಟರೆ ಸರಿ. ಒತ್ತಿದರೆ ಕರಗುವ ಉಪಾಯ ಇದ್ದರೆ ಹೇಳಿ. ಮತ್ತೆ, ನಾವು ಎಣ್ಣೆಗೂ ತುಪ್ಪಕ್ಕೂ ‘ಕರಗಿತು’ ಅಂತಲೇ ಅನ್ನುವುದು, ಅದರಲ್ಲೇನು ಗೊಂದಲ?

ಸಾಗರದಿಂದ

ನಾನು ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿ ಈಗ ಅಡಕೆ ಎಣಿಸುತ್ತ ಕೂತವನು. ಕೊಪ್ಪದ ತಾಯಿಯ ಬಾಟ್ಲಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗೆರೆ ಯಾವ ಕಡೆ ಬಾಗುತ್ತದೆ ಅನ್ನುವುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಎಣ್ಣೆ ಗಟ್ಟಿಯಾದ ಮೇಲೆ ಬಾಟ್ಲಿಯ ಬಾಯಿಂದ ಇಣುಕಿ ನೋಡಿ. ನಡುವೆ ಗುಂಡಿ ಬಿದ್ದಿರುತ್ತದೆ. ಅರ್ಧ ಗಟ್ಟಿಯಾದಾಗ ಬಿಳಿಯ ಭಾಗ ತಳದಲ್ಲಿ ಕೂತಿರುತ್ತದೆ. ಫ್ರಿಜ್ಜಿನ ಐಸ್ ಟ್ರೇಯಲ್ಲಿ ಇದಕ್ಕೆ ತಿರುವುಮುರುವು: ಐಸಿನ ನಡು ಉಬ್ಬಿರುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಗಟ್ಟಿಯಾದಾಗ ಗುಂಡಿ ಬಿದ್ದರೆ ಗೆರೆ ಬಲಕ್ಕೆ, ಉಬ್ಬಿದರೆ ಎಡಕ್ಕೆ. ಒತ್ತಡ ಯಾವಾಗಲೂ ಕಡಿಮೆ ಜಾಗ ಹಿಡಿಯುವ ರೂಪದ ಪಕ್ಷ. ಎಣ್ಣೆಯಲ್ಲಿ ಕಡಿಮೆ ಜಾಗ ಹಿಡಿಯುವುದು ಘನ, ಆದ್ದರಿಂದ ತಾಯಿ, ನೀವು ಒತ್ತಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿರಲೇ ನೋಡುತ್ತದೆ. ಒಲೆಯ ಪಕ್ಕವೇ ಸರಿ. (ಎಣ್ಣೆ ಹಲವು ಕೊಬ್ಬುಗಳ ಬೆರಕೆ, ಆದ್ದರಿಂದ ಅದಕ್ಕೆ ಒಂದೇ ತೆಳು ಗೆರೆ ಎಳೆಯಲಾಗುವುದಿಲ್ಲ. ಬಾಗು ಮಾತ್ರ ಬಲಕ್ಕೇ.)

ಈಗ ‘ಕಡಿದಾದ’ ವಿಷಯ. ಹುಡುಗ ಎಡವಿದ್ದು ಇಲ್ಲೇ, ಮತ್ತು ನನ್ನ ಶಿಷ್ಯರೂ ಪ್ರತಿವರ್ಷ ಇಲ್ಲೇ ಎಡವುತ್ತಿದ್ದರು. ಒಂದು ಕೆಜಿ ಐಸನ್ನು ಶೂನ್ಯ ಡಿಗ್ರಿಯಲ್ಲಿ ನೀರು ಮಾಡಲು 334 ಕಿಲೋಜೂಲ್ ಶಾಖ ಬೇಕು. ಆಗ ಅದು ಕಳೆದುಕೊಳ್ಳುವ ಗಾತ್ರ ಸುಮಾರು 91 ಮಿಲಿಲೀಟರು, ಅಂದರೆ ದೊಡ್ಡ ಲೋಟದ ಅರ್ಧದಷ್ಟು. ಶಾಖ ದೊಡ್ಡದು, ಗಾತ್ರದ ವ್ಯತ್ಯಾಸ ಸಣ್ಣದು. ಗೆರೆಯ ಬಾಗು ಇವೆರಡರ ಪಾಲು:

```
dP/dT = L / (T × ΔV)
      = 334000 / (273 × −0.0000907)
      ≈ −13500000 Pa/K
```

ಕರಗಿದಾಗ ಗಾತ್ರ ಇಳಿಯುವುದರಿಂದ ಋಣ ಚಿಹ್ನೆ ಬಂತು, ಅಷ್ಟೆ. ಊರ ಲೆಕ್ಕದಲ್ಲಿ, ಐಸಿನ ದ್ರವನ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 137 ಕೆಜಿ ಕೂರಿಸಬೇಕು. ಗೆರೆ ಕಡಿದಾಗಿದೆ ಅಂದರೆ ಒತ್ತಡದ ಪ್ರಭಾವ ದೊಡ್ಡದು ಅಂತಲ್ಲ, ಬಹಳ ಸಣ್ಣದು ಅಂತ. ಘಾಟಿ ಕಡಿದಾದಷ್ಟೂ ಬೇಗ ಜಾರುತ್ತೇವೆ, ಈ ಗೆರೆ ಕಡಿದಾದಷ್ಟೂ ಜಾರುವುದು ಕಷ್ಟ. ಘಾಟಿಯ ಉಪಮೆಯನ್ನೇ ಬಿಡಿ.

ಶಿವಮೊಗ್ಗದವರೇ, ನಿಮ್ಮ ಪ್ರಯೋಗ ಒಳ್ಳೆಯದು, ತೀರ್ಮಾನ ಅರ್ಧ ಸರಿ. 1872ರಲ್ಲಿ ಬಾಟಮ್ಲಿ ಎಂಬಾತ ತೋರಿಸಿದ ಪ್ರಯೋಗ ಅದೇ. ನಿಮ್ಮ ಅಂಕಿಗಳನ್ನೇ ಹಿಡಿಯೋಣ. ಅರ್ಧ ಮಿಲಿಮೀಟರು ತಂತಿ, ಹತ್ತು ಸೆಂಟಿಮೀಟರು ಅಗಲ: ತಂತಿಯ ಕೆಳಗಿನ ಜಾಗ ಅರ್ಧ ಚದರ ಸೆಂಟಿಮೀಟರು. ಅದರ ಮೇಲೆ ಹತ್ತು ಕೆಜಿ. ಚದರ ಸೆಂಟಿಮೀಟರಿಗೆ 20 ಕೆಜಿ ಆಯಿತು. ದ್ರವನ ಬಿಂದು ಇಳಿಯುವುದು ಡಿಗ್ರಿಯ ಏಳನೇ ಒಂದು ಪಾಲು. ತಂತಿಯ ಕೆಳಗೆ ಐಸು ನೀರಾಗಲು ಶಾಖ ಬೇಕು. ಆ ನೀರು ಸುತ್ತಿ ತಂತಿಯ ಮೇಲಕ್ಕೆ ಬಂದಾಗ ಒತ್ತಡ ತಪ್ಪಿ ಮತ್ತೆ ಐಸಾಗುತ್ತದೆ, ಆಗ ಅಷ್ಟೇ ಶಾಖ ಬಿಡುತ್ತದೆ. ಮೇಲೆ ಬಿಟ್ಟ ಶಾಖ ಕೆಳಗೆ ಹೋಗಬೇಕಾದ ದಾರಿ ತಂತಿಯೇ. ತಾಮ್ರ ಆ ಶಾಖವನ್ನು ಬೇಗ ದಾಟಿಸುತ್ತದೆ, ನೈಲಾನು ತಡೆಯುತ್ತದೆ. ಕೆಲಸ ಒತ್ತಡದ್ದೇ, ವೇಗ ಮಾತ್ರ ತಂತಿಯ ಕೈಯಲ್ಲಿದೆ.

ಇನ್ನು ಪಂಪಿನ ಮಾತು. ಗಾಳಿಗೆ ಅದು ನಿಜ. ಆದರೆ ಐಸು ಮತ್ತು ನೀರು ಒಟ್ಟಿಗಿರುವ ಪಾತ್ರೆಯನ್ನು, ಹೊರಗಿನ ಶಾಖ ಸೋಕದಂತೆ ಒತ್ತಿದರೆ ಅದು ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಸ್ವಲ್ಪ ಐಸು ಕರಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಉಳಿದ ಐಸು ಮತ್ತು ನೀರೇ ಕೊಡಬೇಕು. ಹೀಗಾಗುತ್ತದೆಂದು 1849ರಲ್ಲಿ ಜೇಮ್ಸ್ ಥಾಮ್ಸನ್ ಲೆಕ್ಕ ಹಾಕಿದ, ಮರುವರ್ಷ ಅವನ ತಮ್ಮ ವಿಲಿಯಂ ಅಳೆದು ನೋಡಿದ. ಆ ತಮ್ಮನೇ ಮುಂದೆ ಕೆಲ್ವಿನ್ ಪ್ರಭು ಆದದ್ದು.

ಶಿವಮೊಗ್ಗದಿಂದ

ಒಪ್ಪಿದೆ ಸರ್, ಪೂರ್ತಿ ಅಲ್ಲ. ಆ ದಿನ ಮನೆಯಲ್ಲಿ 28 ಡಿಗ್ರಿ ಇತ್ತು. ತಾಮ್ರದ ಎರಡೂ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಹೊರಗಿನ ಶಾಖ ಬರಲೇ ಇಲ್ಲ ಅಂತ ಹೇಗೆ ಹೇಳುತ್ತೀರಿ? ಹಾಗೇ ಐಸಿನ ಮೇಲೆ ಸ್ಕೇಟಿಂಗ್ ಮಾಡುವವರು ಜಾರುವುದೂ ಒತ್ತಡದಿಂದಲೇ ಅಂತ ನಮಗೆ ಪಾಠದಲ್ಲಿತ್ತು. ಅದಾದರೂ ಸರಿಯೋ?

ಸಾಗರದಿಂದ

ಬರಲಿಲ್ಲ ಅನ್ನಲಾರೆ, ಬಂದೇ ಬಂದಿರುತ್ತದೆ. ಗುರುತಿಸುವ ದಾರಿ ಹೇಳುತ್ತೇನೆ. ಗಡ್ಡೆಯನ್ನು ಹೊರಗಿಟ್ಟು ಮೈಯೆಲ್ಲ ಬೆವರುವವರೆಗೆ ಕಾಯಿರಿ, ಒಳಗೂ ಶೂನ್ಯಕ್ಕೆ ಬರಲಿ. ಇಲ್ಲದಿದ್ದರೆ ಒಳಗಿನ ಕೊರೆವ ಐಸೇ ಸೀಳನ್ನು ಹೆಪ್ಪುಗಟ್ಟಿಸಿ ನಿಮಗೆ ಮೋಸ ಮಾಡುತ್ತದೆ. ಆಮೇಲೆ ತಂತಿ ಹಾದ ದಾರಿ ನೋಡಿ. ಹಿಂದೆ ಬೆಸೆದುಕೊಂಡಷ್ಟು ಒತ್ತಡದ ಪಾಲು, ತೆರೆದ ಸೀಳಾಗಿ ಉಳಿದಷ್ಟು ಹೊರಗಿನ ಶಾಖದ ಪಾಲು. ಸಾಮಾನ್ಯವಾಗಿ ಅಂಚಿನಲ್ಲಿ ಸೀಳು, ನಡುವೆ ಬೆಸುಗೆ ಕಾಣುತ್ತದೆ. ಮೈನಸ್ 10 ಡಿಗ್ರಿಯ ಫ್ರೀಜರಿನಲ್ಲಿ ಇದೇ ಬಟ್ಟು ಕಟ್ಟಿದರೆ ತಂತಿ ಕರಗಿಸಿಕೊಂಡು ಇಳಿಯುವ ಪ್ರಶ್ನೆಯೇ ಇಲ್ಲ. ಅಲ್ಲಿ ಚದರ ಸೆಂಟಿಮೀಟರಿಗೆ 1100 ಕೆಜಿ ಆಸುಪಾಸು ಬೇಕು. ಒಂದು ಡಿಗ್ರಿಗೆ 137 ಅಂದಮೇಲೆ ಹತ್ತಕ್ಕೆ 1370 ಆಗಬೇಕಿತ್ತಲ್ಲ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಗೆರೆ ನೆಟ್ಟಗಿಲ್ಲ, ಮೇಲೆ ಹೋದಂತೆ ಇನ್ನಷ್ಟು ಎಡಕ್ಕೆ ಬಾಗುತ್ತದೆ. ಮೈನಸ್ 22ಕ್ಕೆ, ಸುಮಾರು 2100 ಕೆಜಿಯಲ್ಲಿ ಅದರ ಕಥೆ ಮುಗಿಯಿತು. ಅದಕ್ಕೂ ಮೇಲೆ ಐಸಿನ ಹರಳೇ ಬೇರೆ, ಅದು ನೀರಿಗಿಂತ ಭಾರ, ಗೆರೆ ಬಲಕ್ಕೆ ತಿರುಗುತ್ತದೆ.

ಸ್ಕೇಟಿಂಗಿನ ವಿಷಯದಲ್ಲಿ ನಿಮ್ಮ ಶಾಖದ ವಾದವೇ ಗೆದ್ದಿತು. 60 ಕೆಜಿ ಆಳು, ಅಲಗಿನ ಆರು ಚದರ ಸೆಂಟಿಮೀಟರು ತಾಗಿದರೆ ಇಳಿಯುವುದು ಡಿಗ್ರಿಯ ನೂರರಲ್ಲಿ ಏಳು ಪಾಲು. ತಾಗುವ ಜಾಗ ಹತ್ತರಲ್ಲೊಂದು ಅಂದುಕೊಂಡರೂ ಒಂದು ಡಿಗ್ರಿ ದಾಟುವುದಿಲ್ಲ. ಜನ ಮೈನಸ್ ಹತ್ತರಲ್ಲೂ ಆರಾಮವಾಗಿ ಜಾರುತ್ತಾರೆ. ಅಲ್ಲಿ ತಿಕ್ಕಾಟದ ಶಾಖದ್ದು ದೊಡ್ಡ ಪಾತ್ರ.

ಹೊಸನಗರದಿಂದ

ಮೇಷ್ಟ್ರೇ, ಹಾಗಾದರೆ ನನ್ನ ‘ವಾಟ’ ವಾಪಸ್. ವಾಟ ಮಲಗಿದ್ದಕ್ಕೆ, ಇದು ನಿಂತದ್ದು. ಒಂದು ಡಿಗ್ರಿಯನ್ನೂ ಒಂದು ವಾಯುಭಾರವನ್ನೂ ಒಂದೊಂದು ಸೆಂಟಿಮೀಟರಿಗೆ ಹಿಡಿದು ಗೆರೆ ಎಳೆದರೆ ಎಷ್ಟು ಓರೆ ಬರುತ್ತದೆ?

ಸಾಗರದಿಂದ

133 ಸೆಂಟಿಮೀಟರು ಎತ್ತರಕ್ಕೆ ಒಂದು ಸೆಂಟಿಮೀಟರು ಎಡಕ್ಕೆ.

ಹೊಸನಗರದಿಂದ

ಅಂದರೆ ಹತ್ತಡಿ ಗೋಡೆ ಒಂದಿಂಚಿಗೆ ಸ್ವಲ್ಪ ಕಡಿಮೆ ಹೊರಬಿದ್ದ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ತೂಗುಗುಂಡು ಬಿಟ್ಟರೆ ಗೊತ್ತಾಗುತ್ತದೆ. ಇದಕ್ಕೆ ನಾವು ‘ಗೋಡೆ ಎಡಕ್ಕೆ ವಾಲಿದೆ’ ಅನ್ನುತ್ತೇವೆ ಅಕ್ಕಾ. ಇಳಿಜಾರು ಅಂದರೆ ಹುಡುಗರು ನಗುತ್ತಾರೆ.

ತೀರ್ಥಹಳ್ಳಿಯಿಂದ

ವಾಲು! ಮೂರು ದಿನ ಹೊಳೆಯಲಿಲ್ಲ ನೋಡಿ. ತಿದ್ದಿದ ವಾಕ್ಯ: “ನೀರಿನ ನಕ್ಷೆಯಲ್ಲಿ ಘನ–ದ್ರವ ಗಡಿಗೆರೆ ನೆಟ್ಟಗೆ ನಿಂತ ಗೋಡೆಯಂತಿದ್ದು ತುಸುವೇ ಎಡಕ್ಕೆ ವಾಲಿದೆ. ಆದ್ದರಿಂದ ಒತ್ತಡ ಹೆಚ್ಚಿದಾಗ ಐಸಿನ ದ್ರವನ ಬಿಂದು ತುಸು ಇಳಿಯುತ್ತದೆ. ಶೂನ್ಯಕ್ಕೆ ತೀರ ಹತ್ತಿರವಿದ್ದ ಐಸು ನೀರಾಗುತ್ತದೆ.” ‘ಕರಗು’ ತೆಗೆದು ‘ನೀರಾಗು’ ಹಾಕಿದ್ದೇನೆ. ಕೊಪ್ಪದವರು ಹೇಳಿದಂತೆ ತುಪ್ಪಕ್ಕೆ ಕರಗು ಸರಿಯೇ, ಆದರೆ ಮುಂದಿನ ಪಾಠದಲ್ಲಿ ನೀರಿನಲ್ಲಿ ಉಪ್ಪು ಕರಗುವುದೂ ಬರುತ್ತದೆ.

ಸಾಗರದಿಂದ

‘ನೀರಾಗು’ ಒಪ್ಪಿದೆ, ಐಸಿನ ಮಟ್ಟಿಗೆ. ಬಿಸ್ಮತ್ ಲೋಹದ ಗೆರೆಯೂ ಎಡಕ್ಕೇ ವಾಲುತ್ತದೆ, ಅಲ್ಲಿ ಏನು ಬರೆಯುತ್ತೀರಿ? ‘ವಾಲು’ ಬಗ್ಗೆಯೂ ಒಂದು ತಕರಾರು ಇದೆ. ಕೆಲವರು ತಾಪವನ್ನು ಮೇಲಕ್ಕೆ, ಒತ್ತಡವನ್ನು ಅಡ್ಡಕ್ಕೆ ಹಾಕಿ ನಕ್ಷೆ ಬರೆಯುತ್ತಾರೆ. ಆಗ ನಿಮ್ಮ ಗೋಡೆ ಮಲಗಿ, ಬಲಕ್ಕೆ ಹೋದಂತೆ ಸಣ್ಣಗೆ ಇಳಿಯುವ ನೆಲವಾಗುತ್ತದೆ. ಚಿಹ್ನೆ ಆಗಲೂ ಋಣವೇ, ‘ಎಡಕ್ಕೆ’ ಮಾತ್ರ ಉಳಿಯುವುದಿಲ್ಲ.

ಹೊಸನಗರದಿಂದ

ಆ ನಕ್ಷೆಗೆ ವಾಟ ಅನ್ನಿ ಮೇಷ್ಟ್ರೇ.

ಕೊಪ್ಪದಿಂದ

ಬಾಟ್ಲಿ ಈಗಷ್ಟೇ ನೋಡಿದೆ. ಗುಂಡಿ ಇದೆ. ಇಷ್ಟು ವರ್ಷ ಮಕ್ಕಳು ಚಮಚ ಹಾಕಿ ತೆಗೆದದ್ದು ಅಂದುಕೊಂಡಿದ್ದೆ.