‘ಶಿ ಕ್ಯಾನ್ ಟು ಸ್ವಿಮ್’, ‘ಹಿ ಮಸ್ಟ್ ಗೋಸ್’: ಎರಡೂ ಏಕೆ ತಪ್ಪು?

ಪ್ರಶ್ನೆ (ದಾವಣಗೆರೆ, ಪಿ.ಜೆ. ಬಡಾವಣೆ)

ಎಂಟನೇ ತರಗತಿಯ ನೋಟ್‌ಬುಕ್ ತಿದ್ದುವಾಗ ಎರಡು ತಪ್ಪು ಮತ್ತೆ ಮತ್ತೆ ಸಿಗುತ್ತವೆ. ಒಂದು ‘ಶಿ ಕ್ಯಾನ್ ಟು ಸ್ವಿಮ್’, ಇನ್ನೊಂದು ‘ಹಿ ಮಸ್ಟ್ ಗೋಸ್’. ಕೆಂಪು ಶಾಯಿಯಲ್ಲಿ ಟು ಹೊಡೆದು ಹಾಕುವುದು, ಎಸ್ ಹೊಡೆದು ಹಾಕುವುದು ಸುಲಭ. ಆದರೆ ಮಕ್ಕಳು ಕೇಳುತ್ತಾರೆ: “ಹಿ, ಶಿ ಬಂದ್ರೆ ಎಸ್ ಹಚ್ಚಬೇಕು ಅಂತ ನೀವೇ ಹೇಳಿದ್ರಿ. ವಾಂಟ್ ಆದ ಮ್ಯಾಲೆ ಟು ಬೇಕು ಅಂದ್ರಿ, ಕ್ಯಾನ್ ಆದ ಮ್ಯಾಲೆ ಯಾಕೆ ಬ್ಯಾಡ?” ‘ಅದು ನಿಯಮ’ ಅನ್ನುವುದರಾಚೆ ಹೇಳಬಹುದಾದ ಉತ್ತರ ಇದೆಯೇ? ಕನ್ನಡದ ಮೂಲಕವೇ ತಿಳಿಸಲು ಬಂದರೆ ಇನ್ನೂ ಒಳ್ಳೆಯದು.

ಹೊಳಲ್ಕೆರೆಯಿಂದ

‘ಹೋಗಬೇಕು’ ಒಂದೇ ಪದ, ಬಿಡಿಸಿ ಬರೆಯುವುದು ತಪ್ಪು. ‘ಹೋಗ ಬೇಕು’ ಎಂದು ನಡುವೆ ಜಾಗ ಬಿಡುವ ಚಾಳಿ ಬೋರ್ಡುಗಳಲ್ಲಿ ಹೆಚ್ಚಾಗಿದೆ. ಇಂಗ್ಲಿಷಿನಲ್ಲಿ ಬಿಡಿಸಿ ಬರೆಯುತ್ತಾರೆಂದು ನಾವೂ ಬಿಡಿಸಬೇಕಿಲ್ಲ.

ಹರಿಹರದಿಂದ

ಸರ್, ಕೇಳಿದ್ದು ಕೂಡಿಸಿ ಬರೆಯುವ ವಿಚಾರ ಅಲ್ಲ. ಮೇಡಂ, ಉತ್ತರ ಸರಳ ಇದೆ. ಸಹಾಯಕ ಕ್ರಿಯಾಪದ ಬಂದರೆ ಅದರ ಹಿಂದೆ ಟು ಬರಲ್ಲ, ಎಸ್ ಬರಲ್ಲ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್, ಹ್ಯಾವ್ ಟು, ಆಟ್ ಟು ಇವನ್ನೆಲ್ಲ ಬಾಯಿಪಾಠ ಮಾಡಿಸಿ. ಕಾರಣ ಹುಡುಕುತ್ತಾ ಹೋದರೆ ಮಕ್ಕಳಿಗೆ ಗೊಂದಲ.

ಚಿತ್ರದುರ್ಗದಿಂದ

ಹರಿಹರದವರ ಪಟ್ಟಿಯಲ್ಲಿ ಮೊದಲ ಒಂಬತ್ತು ಸರಿ. ಕೊನೆಯ ಎರಡರ ಮೈಮೇಲೇ ‘ಟು’ ಕೂತಿದೆ, ಟು ಬರಲ್ಲ ಅನ್ನುವ ನಿಯಮಕ್ಕೆ ಅವನ್ನು ಉದಾಹರಣೆ ಮಾಡುವುದು ಹೇಗೆ? ಹ್ಯಾವ್ ಟು ಅಂತೂ ಈ ಜಾತಿಯದೇ ಅಲ್ಲ. ‘ಹಿ ಹ್ಯಾಸ್ ಟು ಗೋ’ ಎಂದಾಗ ಹ್ಯಾವ್ ಹೋಗಿ ಹ್ಯಾಸ್ ಆಯಿತು, ಪ್ರಶ್ನೆ ಕೇಳಲು ‘ಡಸ್ ಹಿ ಹ್ಯಾವ್ ಟು ಗೋ’ ಎಂದು ಡಸ್ ಕರೆಯಬೇಕಾಯಿತು. ಮಸ್ಟ್‌ಗೆ ಈ ಎರಡೂ ಬೇಕಿಲ್ಲ.

ಮೇಡಂ ಅವರ ಎರಡು ವಾಕ್ಯಗಳ ತಪ್ಪಿನ ಬೇರು ಒಂದೇ ಅಲ್ಲ, ಬೇರೆ ಬೇರೆಯಾಗಿ ನೋಡೋಣ.

‘ಕ್ಯಾನ್ ಟು ಸ್ವಿಮ್’ ಹುಟ್ಟುವುದು ನಮ್ಮ ಬಾಯಿಂದ. ದಾವಣಗೆರೆ ಮಗು ಮನಸ್ಸಿನಲ್ಲಿ ಅಂದುಕೊಳ್ಳುವುದು ‘ಅಕಿಗೆ ಈಜಾಕ ಬರ್ತತಿ’. ಆ ‘ಆಕ’ ಎಂದರೆ ಈಜಲಿಕ್ಕೆ, ಅದರ ಕೊನೆಯ ‘ಕ್ಕೆ’ ಚತುರ್ಥಿ. ಮಗು ಅದಕ್ಕೆ ಸರಿಯಾಗಿ ಟು ಇಟ್ಟಿದೆ, ಬರ್ತತಿ ಅನ್ನುವುದಕ್ಕೆ ಕ್ಯಾನ್ ಇಟ್ಟಿದೆ. ತಪ್ಪಿರುವುದು ಟು ಇಟ್ಟದ್ದರಲ್ಲಿ ಅಲ್ಲ, ‘ಬರ್ತತಿ’ಗೆ ಕ್ಯಾನ್ ಜೋಡಿಸಿದ್ದರಲ್ಲಿ. ‘ಅಕಿಗೆ ಈಜಾಕ ಬರ್ತತಿ’ ಅನ್ನುವ ರಚನೆಗೆ ಹತ್ತಿರದ ಇಂಗ್ಲಿಷ್ ‘ಶಿ ನೋಸ್ ಹೌ ಟು ಸ್ವಿಮ್’. ಅಲ್ಲಿ ಟು ಕೂಡ ಇದೆ, ಎಸ್ ಕೂಡ ಇದೆ, ಎರಡೂ ಸರಿ. ಕ್ಯಾನ್‌ಗೆ ಜೋಡಿ ಬೇಕಾದರೆ ‘ಅವಳು ಈಜಬಲ್ಲಳು’ ತೆಗೆದುಕೊಳ್ಳಿ. ಈಜ ಎಂಬ ಬರಿ ರೂಪಕ್ಕೆ ಬಲ್ಲ ನೇರವಾಗಿ ಅಂಟಿದೆ, ‘ಈಜಲಿಕ್ಕೆ ಬಲ್ಲಳು’ ಎನ್ನುವುದಿಲ್ಲ. ಬಲ್ಲ ಎಂದರೆ ತಿಳಿದವನು ಎಂಬ ಅರ್ಥವೂ ಇದೆಯಲ್ಲ, ಕ್ಯಾನ್ ಕೂಡ ಹಳೆಯ ಇಂಗ್ಲಿಷಿನಲ್ಲಿ ತಿಳಿ, ಅರಿ ಎಂಬ ಅರ್ಥದ ಕ್ರಿಯಾಪದವೇ.

ಇಂಗ್ಲಿಷಿನಲ್ಲೂ ಮೊದಲು ಎರಡು ರೂಪ ಇದ್ದವು. ಕ್ರಿಯಾಪದಕ್ಕೆ ‘ಅನ್’ ಹಚ್ಚಿದ ಬರಿ ರೂಪ ‘ಸ್ವಿಮ್ಮನ್’. ಟು ಸೇರಿಸಿ ಚತುರ್ಥಿಯಲ್ಲಿಟ್ಟ ಇನ್ನೊಂದು ರೂಪಕ್ಕೆ ಹೆಚ್ಚಾಗಿ ‘ಈಜಲಿಕ್ಕಾಗಿ’ ಎಂಬ ಉದ್ದೇಶದ ಅರ್ಥ. ಬರುಬರುತ್ತಾ ‘ಅನ್’ ಸವೆದು ಬಿದ್ದುಹೋಯಿತು. ಬಾಲ ಬಿದ್ದ ಮೇಲೆ ಗುರುತಿಗೆ ಏನಾದರೂ ಬೇಕಲ್ಲ, ಟು ಎಲ್ಲ ಕಡೆ ಹಬ್ಬಿತು. ಕ್ಯಾನ್, ಮಸ್ಟ್ ಮುಂತಾದವು ಮಾತ್ರ ಮೊದಲಿನಿಂದ ಬರಿ ರೂಪದ ಜೊತೆಗೇ ಇದ್ದವು, ಹಾಗೇ ಉಳಿದವು. ಅಲ್ಲಿ ಟು, ಇಲ್ಲಿ ಕ್ಕೆ. ‘ಹೋಗಲಿಕ್ಕೆ ಬೇಕು’ ಎಂದು ನಾವು ಅನ್ನುವುದಿಲ್ಲ, ಅವರೂ ‘ಮಸ್ಟ್ ಟು ಗೋ’ ಅನ್ನುವುದಿಲ್ಲ.

ಜಗಳೂರಿನಿಂದ

ನನ್ನದೂ ಒಂದು ಇದೆ. ಕೆಲಸದ ಅರ್ಜಿಯಲ್ಲಿ ‘ಐ ಕ್ಯಾನ್ ಏಬಲ್ ಟು ಹ್ಯಾಂಡಲ್ ಅಕೌಂಟ್ಸ್’ ಎಂದು ಬರೆದಿದ್ದೆ, ತಿದ್ದಿ ವಾಪಸ್ ಕೊಟ್ಟರು. ಇಲ್ಲಿ ಎಸ್ ಕೂಡ ಇಲ್ಲ, ಕ್ಯಾನ್ ಆದ ತಕ್ಷಣ ಟು ಕೂಡ ಇಲ್ಲ. ಮತ್ತೇನು ತಪ್ಪು?

ಚಿತ್ರದುರ್ಗದಿಂದ

ಕ್ಯಾನ್ ಕೇಳುವುದು ಕ್ರಿಯಾಪದ. ಏಬಲ್ ಕ್ರಿಯಾಪದವಲ್ಲ, ‘ಸಮರ್ಥ’ ಎನ್ನುವಂಥ ಗುಣವಾಚಕ. ಅದರ ಮುಂದೆ ಆ್ಯಮ್ ಅಥವಾ ಬಿ ಬೇಕು. ‘ಐ ಕ್ಯಾನ್ ಹ್ಯಾಂಡಲ್’ ಅನ್ನಿ, ಇಲ್ಲವೇ ‘ಐ ಆ್ಯಮ್ ಏಬಲ್ ಟು ಹ್ಯಾಂಡಲ್’ ಅನ್ನಿ. ಹಾಗೆಂದು ಬಿ ಸೇರಿಸಿ ‘ಕ್ಯಾನ್ ಬಿ ಏಬಲ್ ಟು’ ಮಾಡಬೇಡಿ, ಅದು ‘ಮಾಡಬಲ್ಲೆನಾಗಬಲ್ಲೆ’ ಎಂದಂತೆ. ಮುಂದಿನ ಕಾಲಕ್ಕಾದರೆ ‘ವಿಲ್ ಬಿ ಏಬಲ್ ಟು’ ಸರಿ, ಏಕೆಂದರೆ ವಿಲ್ ಮತ್ತು ಕ್ಯಾನ್ ಒಟ್ಟಿಗೆ ಕೂರುವುದಿಲ್ಲ. ಅಮೆರಿಕದ ದಕ್ಷಿಣ ಭಾಗದ ಆಡುಮಾತಿನಲ್ಲಿ ‘ಮೈಟ್ ಕುಡ್’ ಎಂದು ಎರಡು ಕೂರಿಸುವುದುಂಟು, ಅರ್ಜಿಯಲ್ಲಿ ನಡೆಯಲ್ಲ.

ಈಗ ‘ಮಸ್ಟ್ ಗೋಸ್’. ಇದು ಕನ್ನಡದಿಂದ ಬಂದದ್ದಲ್ಲ, ನಾವು ಕಲಿಸಿದ ಎಸ್ ನಿಯಮ ತನ್ನ ಎಲ್ಲೆ ದಾಟಿದ್ದು. ಎಸ್ ಹತ್ತುವುದು ಕರ್ತೃವಿಗೆ ಹೊಂದಿಕೊಳ್ಳುವ ಒಂದೇ ಕ್ರಿಯಾಪದಕ್ಕೆ, ಅದು ಯಾವಾಗಲೂ ಸಾಲಿನ ಮೊದಲನೆಯದು. ‘ಹಿ ಗೋಸ್’ನಲ್ಲಿ ಗೋ ಒಂದೇ ಇದೆ, ಅದಕ್ಕೇ ಹತ್ತಿತು. ‘ಹಿ ಡಸ್ ನಾಟ್ ಗೋ’ದಲ್ಲಿ ಡು ಮುಂದೆ ನಿಂತು ಎಸ್ ಕಿತ್ತುಕೊಂಡಿತು, ಗೋ ಬರಿದಾಯಿತು. ಇಷ್ಟು ಮಕ್ಕಳಿಗೆ ಗೊತ್ತು, ‘ಡಸ್ ನಾಟ್ ಗೋಸ್’ ಬರೆದರೆ ತಾವೇ ಹಿಡಿಯುತ್ತಾರೆ. ‘ಹಿ ಮಸ್ಟ್ ಗೋ’ದಲ್ಲಿ ಮೊದಲ ಜಾಗ ಮಸ್ಟ್‌ನದು. ಅದು ಎಸ್ ತೊಡುವುದಿಲ್ಲ, ಹಿಂದಿನವರಿಗೆ ದಾಟಿಸುವುದೂ ಇಲ್ಲ.

ಅದೇಕೆ ತೊಡುವುದಿಲ್ಲ? ಕ್ಯಾನ್, ಮೇ, ಶಲ್ ಇವು ಮೂಲದಲ್ಲಿ ಭೂತಕಾಲದ ರೂಪಗಳು, ಈಗಿನ ಅರ್ಥಕ್ಕೆ ಬಳಕೆಯಾಗಿ ನಿಂತವು. ಬಾಗಿಲು ತಟ್ಟಿದವರಿಗೆ ನಾವು ಒಳಗಿಂದ ‘ಬಂದೆ, ಇರಿ’ ಎನ್ನುವುದಿಲ್ಲವೇ, ರೂಪ ಭೂತ, ಅರ್ಥ ಈಗಿನದು. ಭೂತಕ್ಕೆ ಎಸ್ ಇಲ್ಲ, ‘ಹಿ ಸ್ಯಾಂಗ್ಸ್’ ಎನ್ನುವುದಿಲ್ಲ. ಮಸ್ಟ್‌ನದು ಇನ್ನೂ ಒಂದು ಸುತ್ತು: ಅಂಥದೇ ಒಂದು ಕ್ರಿಯಾಪದದ ಭೂತರೂಪ ಅದು. ವಿಲ್ ಮಾತ್ರ ಬೇರೆ ಮನೆಯಿಂದ ಬಂದು ಈ ಸಾಲಿನಲ್ಲಿ ಕೂತದ್ದು. ಜರ್ಮನ್ ಕಲಿತವರಿಗೆ ಇದು ಹೊಸದಲ್ಲ, ಅಲ್ಲಿಯೂ ‘ಎರ್ ಕಾನ್’, ‘ಎರ್ ಮುಸ್’. ಉಳಿದ ಕ್ರಿಯಾಪದಗಳಿಗೆ ಹತ್ತುವ ‘ಟ್’ ಇವಕ್ಕೆ ಹತ್ತಲ್ಲ.

ತರಗತಿಗೆ ಇಷ್ಟು ಇತಿಹಾಸ ಬೇಡ. ‘ಬಿ’ ಇಟ್ಟು ನೋಡಿಸಿ. ‘ಹಿ ಮಸ್ಟ್ ಈಸ್ ಹಿಯರ್’ ಎಂದರೆ ಹಿಂದಿನ ಬೆಂಚಿನವನೂ ನಗುತ್ತಾನೆ, ‘ಮಸ್ಟ್ ಬಿ ಹಿಯರ್’ ಎಂದು ತಾನೇ ತಿದ್ದುತ್ತಾನೆ. ಗೋ ಮತ್ತು ಗೋಸ್ ಒಂದೇ ಥರ ಕಾಣುವುದರಿಂದ ತಪ್ಪು ಕಿವಿಗೆ ಚುಚ್ಚುವುದಿಲ್ಲ. ಬಿ ಮತ್ತು ಈಸ್ ಪೂರ್ತಿ ಬೇರೆ, ಅದಕ್ಕೇ ಚುಚ್ಚುತ್ತದೆ. ಈಸ್ ಹೋಗಿ ಬಿ ಆಗುವ ಜಾಗದಲ್ಲಿ ಗೋಸ್ ಹೋಗಿ ಗೋ ಆಗಬೇಕು, ಹ್ಯಾಸ್ ಹೋಗಿ ಹ್ಯಾವ್ ಆಗಬೇಕು. ‘ಶಿ ಮಸ್ಟ್ ಹ್ಯಾಸ್ ಗಾನ್’ ಎಂದು ದೊಡ್ಡವರೂ ಬರೆಯುತ್ತಾರೆ, ಅದೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ದಾವಣಗೆರೆ, ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಒಂದು ನೋಟ್‌ಬುಕ್ಕಿನ ವಾಕ್ಯಕ್ಕೆ ಇದನ್ನು ಹಚ್ಚಿ ನೋಡಿದೆ: ‘ಮೈ ಸಿಸ್ಟರ್ ಕ್ಯಾನ್ ಟು ಸ್ವಿಮ್ಸ್ ಇನ್ ದ ರಿವರ್, ಬಟ್ ಶಿ ಮಸ್ಟ್ ಟು ಈಸ್ ಹೋಮ್ ಬಿಫೋರ್ ಸಿಕ್ಸ್.’ ಮೊದಲು ಕನ್ನಡದಲ್ಲಿ ಬರೆಸಿದೆ: ‘ಈಜಬಲ್ಲಳು’, ‘ಮನೆಯಲ್ಲಿರಬೇಕು’. ಕ್ಕೆ ಎಲ್ಲಿದೆ ತೋರಿಸು ಎಂದರೆ ಇಲ್ಲ ಎಂದ, ಎರಡೂ ಟು ತಾನೇ ಹೊಡೆದ. ‘ಮಸ್ಟ್ ಈಸ್’ ಓದಿಸಿದೆ, ಬಿ ಮಾಡಿದ. ಅದನ್ನು ತೋರಿಸಿದ ಮೇಲೆ ಸ್ವಿಮ್ಸ್‌ನ ಎಸ್ ಹೋಯಿತು. ಆದರೆ ಇನ್ನೊಬ್ಬಳು ಎದ್ದು ಕೇಳಿದಳು: “ಬಲ್ಲಳು, ಬಲ್ಲನು ಅಂತ ಕನ್ನಡದಾಗ ಬದಲಾಗ್ತತಲ್ಲ, ಕ್ಯಾನ್ ಯಾಕೆ ಬದಲಾಗಲ್ಲ?”

ಚಿತ್ರದುರ್ಗದಿಂದ

ಒಳ್ಳೆ ಪ್ರಶ್ನೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಎಳೆಯಬೇಡಿ. ಬಲ್ಲ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ. ಬದಲಾಗದಿರುವುದನ್ನು ತೋರಿಸಲು ಬೇಕು, ಬಹುದು, ಬಾರದು ಇವನ್ನು ಹಿಡಿಯಿರಿ: ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಟು ವಿಚಾರಕ್ಕೆ ಬಲ್ಲ, ಎಸ್ ವಿಚಾರಕ್ಕೆ ಬೇಕು. ಹುಡುಗಿಗೆ ಇದೂ ಹೇಳಿ, ‘ಶಿ ಕ್ಯಾನ್ಸ್ ಮ್ಯಾಂಗೋಸ್’ ಎಂಬ ಸರಿಯಾದ ವಾಕ್ಯವೂ ಇದೆ. ಆದರೆ ಅದು ಡಬ್ಬಿಗೆ ತುಂಬುವ ಕ್ಯಾನ್, ಬೇರೆ ಕ್ರಿಯಾಪದ.

ಹರಿಹರದಿಂದ

ಪಟ್ಟಿಯಿಂದ ಹ್ಯಾವ್ ಟು ತೆಗೆದೆ. ಆಟ್ ಟು ತೆಗೆಯಲ್ಲ. ‘ಹಿ ಆಟ್ಸ್’ ಅನ್ನಲ್ಲವಲ್ಲ, ಎಸ್ ತೊಡದ ಮೇಲೆ ಅದು ಇದೇ ಗುಂಪು. ಇನ್ನೊಂದು, ‘ಹೋಗಲಿಕ್ಕೆ ಬೇಕು’ ಅನ್ನಲ್ಲ ಎಂದಿರಿ. ನಮ್ಮ ಕಡೆ ‘ನೀ ಹೋಗಾಕ ಬೇಕು’ ಎಂದು ಒತ್ತಿ ಹೇಳುವುದು ಕೇಳಿಲ್ಲವೇ? ಅಲ್ಲಿ ‘ಆಕ’ ಇದೆ. ನಿಮ್ಮ ಲೆಕ್ಕದಲ್ಲಿ ಅದು ‘ಮಸ್ಟ್ ಟು ಗೋ’ ಆಯ್ತು.

ಚಿತ್ರದುರ್ಗದಿಂದ

ಆಟ್ ವಿಚಾರದಲ್ಲಿ ಒಪ್ಪಿದೆ, ಅರ್ಧ ಇದರದು, ಅರ್ಧ ಅದರದು. ನೀಡ್ ಕೂಡ ಹಾಗೇ: ‘ಹಿ ನೀಡ್ ನಾಟ್ ಗೋ’ ಎಂದಾಗ ಎರಡೂ ಇಲ್ಲ, ‘ಹಿ ನೀಡ್ಸ್ ಟು ಗೋ’ ಎಂದಾಗ ಎರಡೂ ಇವೆ. ಇವೆರಡನ್ನು ಬೆರೆಸಿ ‘ಹಿ ನೀಡ್ ನಾಟ್ ಟು ಗೋ’ ಬರೆದಾಗ ಎಡವುತ್ತಾರೆ.

‘ಹೋಗಾಕ ಬೇಕು’ ಕೇಳಿದ್ದೇನೆ. ಅದು ‘ಹೋಗಲೇಬೇಕು’ ಎಂಬ ಒತ್ತಿನ ಜಾಗದಲ್ಲಿ ಬರುತ್ತದೆ. ಹೋಗಲೇಬೇಕು, ಹೋಗಲೂಬಹುದು ಇವುಗಳಲ್ಲಿ ಹಳೆಯ ‘ಅಲ್’ ಇನ್ನೂ ಉಳಿದಿದೆ, ಆದರೆ ಅದು ಕ್ಕೆ ಅಲ್ಲ. ‘ಆಕ’ ಅದರ ಜಾಗಕ್ಕೆ ಬಂತೋ, ಬೇರೆ ದಾರಿಯಿಂದ ಬಂತೋ, ಆಡುಮಾತು ಬಲ್ಲವರು ಹೇಳಬೇಕು.

ಹೊಳಲ್ಕೆರೆಯಿಂದ

ನಮ್ಮಲ್ಲಿ ‘ಹೋಗ್ಲೇಬೇಕು’ ಅಂತಲೇ, ‘ಆಕ’ ಕೇಳಿಲ್ಲ. ಅಂದಹಾಗೆ ಎಲ್ಲರೂ ಕೂಡಿಸಿಯೇ ಬರೆದಿದ್ದೀರಿ, ‘ಹೋಗಾಕ ಬೇಕು’ ಒಂದು ಬಿಟ್ಟು.