ಸಾವಿರಕ್ಕ 340 ಅಂತಾರ, ಕೈಗೆ 133 ಬರ್ತದ: ಬೀಡಿ ಲೆಕ್ಕದ ಪ್ರಶ್ನೋತ್ತರ

ರೇಣುಕಾ (ಪುಣೆ, ಭವಾನಿ ಪೇಠ): ಸರ್, ಮನ್ಯಾಗ ಕುಂತು ಬೀಡಿ ಕಟ್ಟತೀನಿ. ಸಾವಿರಕ್ಕ 340 ಅಂತ ಠೇಕೇದಾರ ಹೇಳ್ಯಾನ, ಮಾಲಿನ ರೊಕ್ಕ 170 ಮುರಕೊಳ್ತಾನ. ಹೋದ ತಿಂಗಳ 18 ಸಾವಿರ ಬೀಡಿ ಕೊಟ್ಟೆ, ಕೈಗೆ ಉಳಿದದ್ದು 2,400. ಎಲ್ಲಿ ಹೋತು?

ಅಶೋಕ (ಕಾರ್ಮಿಕ ಲೆಕ್ಕಪತ್ರ): ಸರಿ ಇಲ್ಲಂತ ಬದಿಗಿಡೂ ಛಾಟ್ ಬೀಡಿ ಎಷ್ಟು ತೆಗೆದಾನ? ಎಲೆ ಹೊರಗಿಂದ ತಂದೀರೇನು?

ರೇಣುಕಾ: ಛಾಟ್ 900. ಎಲೆ ಸಾವಿರಕ್ಕ 600 ಗ್ರಾಂ ಕೊಡ್ತಾನ, ಅದರಾಗ 900 ತುಂಡೇ ಬರ್ತಾವ. ಒಂದು ಕಿಲೋ 200 ಗ್ರಾಂ ನಾನೇ ತಂದೆ, ಕಿಲೋಕ್ಕ 250ರಂಗ. ದಾರ 54 ರೂಪಾಯಿ.

ಮಹಾಂತೇಶ (ಪಿಂಪ್ರಿ): ಅಕ್ಕಾರ, ಇ-ಶ್ರಮ ಕಾರ್ಡ್ ಮಾಡ್ಸಿದವರಿಗೆ ತಿಂಗಳಾ 3,000 ಬರ್ತದಂತ. ಈ ಲಿಂಕ್ ಮೆಸೇಜ್ 10 ಮಂದಿಗೆ ಕಳಸ್ರಿ!

ಅಶೋಕ: ಬರಂಗಿಲ್ಲ. ಅದು ಹೆಸರು ನೋಂದಣಿ ಅಷ್ಟ. 3,000 ಅಂದ್ರ ಬೇರೆ ಪಿಂಚಣಿ ಯೋಜನೆ, 18ರಿಂದ 40 ವಯಸ್ಸಿನೊಳಗ ಸೇರಿ ತಿಂಗಳಾ ಕಟ್ಟಿದವರಿಗೆ 60 ಆದಮ್ಯಾಗ ಸಿಗೋದು. ಪಿಎಫ್ ಇದ್ದವರಿಗೆ ಅದೂ ಇಲ್ಲ. ಆ ಮೆಸೇಜ್‌ನಾಗಿನ ಲಿಂಕ್ ಒತ್ತಿ ಒಟಿಪಿ ಕೊಟ್ಟೀರಿ ಅಂದ್ರ ನನ್ನ ಕೇಳಬ್ಯಾಡ್ರಿ.

ರೇಣುಕಾ ಅವರ, ಈಗ ನಿಮ್ಮ ಲೆಕ್ಕ. 18 ಸಾವಿರಕ್ಕ 340ರಂಗ 6,120. ಮಾಲಿನದು 3,060 ಮುರದ. ಉಳಿದದ್ದು 3,060, ಇದು ನಿಮ್ಮ ನಿಜವಾದ ಕೂಲಿ. 340 ಅನ್ನೋದು ಹೊರಗ ಹೇಳಾಕ, ಕೂಲಿ ಸಾವಿರಕ್ಕ 170 ಅಷ್ಟ. ಇನ್ನ ಛಾಟ್ ನೋಡ್ರಿ. ಆ 900ಕ್ಕ 340ರ ದರದಾಗ 306 ಮುರದಾನ. ಆದ್ರ ಅವಕ್ಕ ಹೋದ ಎಲೆ, ತಂಬಾಕಿನ ರೊಕ್ಕ ಮೊದಲೇ ನಿಮ್ಮಿಂದ ತೊಗೊಂಡಾನ. ಮಾಲಿನ ರೊಕ್ಕ ನೀವು ಕೊಟ್ಟದ್ದು, ಬೀಡಿ ಅವನ ಬುಟ್ಟಿಗೆ! ಕೂಲಿ ಮುರಿಯೋದಾದ್ರೂ 153 ಮೀರಬಾರದಿತ್ತು. ಎಲೆಗೆ 300, ದಾರಕ್ಕ 54 ನಿಮ್ಮ ಕೈಯಿಂದ. ಉಳಿತು 2,400, ಸಾವಿರಕ್ಕ 133. ತಿಂಗಳಾ 24 ದಿನ, ದಿನಾ 7 ತಾಸು ಕುಂತೀರಿ ಅಂದ್ರ ತಾಸಿಗೆ 14 ರೂಪಾಯಿ ಮ್ಯಾಲ ಸ್ವಲ್ಪ.

ನನಗ ಹೆಚ್ಚು ಚಿಂತಿ ಎಲೆದು. ಎಲೆ ಒಣಗಿದ್ದು ತೂಗಿದ್ದೋ, ನೀರು ಚಿಮುಕಿಸಿ ತೂಗಿದ್ದೋ? ಒಂದು ವಾರ ತಂದ ಕೂಡಲೇ ನೀವೇ ತೂಗಿ ಬರಕೊಳ್ರಿ. ಮರುದಿನ ನೆನೆಸೂ ಮೊದಲು ಒಣಗಿಸಿ ಇನ್ನೊಮ್ಮೆ ತೂಗ್ರಿ. ತೂತು ಬಿದ್ದ, ಹರದ ಎಲೆ ಕಸಕ್ಕ ಹಾಕಬ್ಯಾಡ್ರಿ, ಬ್ಯಾರೆ ಚೀಲದಾಗ ಇಡ್ರಿ. ತುಂಡು ಎಣಿಸ್ರಿ. 'ನೀವು ಎಲೆ ಹಾಳ ಮಾಡ್ತೀರಿ' ಅಂದ್ರ ಆ ಚೀಲಾನೇ ಉತ್ತರ.

ಸಂಗಮೇಶ (ಕೋಥರೂಡ್): ಸರ್, ಮನ್ಯಾಗ ಕೆಲಸ ಮಾಡೋರು ಸ್ವಂತ ಉದ್ಯೋಗಿಗಳು. ಮಾಲು ಕೊಂಡು ಬೀಡಿ ಮಾರ್ತಾರ. ಪಿಎಫ್ ಕಾಯಿದೆ ಅವರಿಗೆ ಹಚ್ಚಂಗಿಲ್ಲ.

ಅಶೋಕ: ಅರ್ಧ ಖರೆ. ನಿಜವಾಗಿ ಕೊಂಡು, ಬೇಕಾದವರಿಗೆ ಮಾರೂ ಹಂಗಿದ್ರ ನಿಮ್ಮ ಮಾತು ಒಪ್ಪಬಹುದು. ಇಲ್ಲಿ ಎಲೆನೂ ಅವಂದೇ, ತಂಬಾಕೂ ಅವಂದೇ, ಛಾಟ್ ತೆಗೆಯೋನೂ ಅವನೇ, ಬೀಡಿ ಬ್ಯಾರೆ ಕಡೆ ಮಾರಂಗಿಲ್ಲ. ಮನ್ಯಾಗ ಬೀಡಿ ಕಟ್ಟೋರು ಪಿಎಫ್‌ಗೆ ನೌಕರರೇ ಅಂತ ಸುಪ್ರೀಂ ಕೋರ್ಟ್ 1985ರಾಗೇ ಹೇಳೇದ. ಮಾಲು 'ಮಾರಿದಂಗ' ಚೀಟಿ ಬರೆಯೋದು ಇದನ್ನ ತಪ್ಪಿಸಾಕ.

ಸಂಗಮೇಶ: ಠೇಕೇದಾರ ಪಿಎಫ್ ಕಟ್ಟಿದ್ರ ಕೆಲಸಾನೇ ಬಂದ್ ಮಾಡ್ತಾನ. ಆಮ್ಯಾಲೆ ನೀವು ಕೊಡ್ತೀರೇನು?

ಲಕ್ಷ್ಮಿ (ಹಡಪ್ಸರ್): ನಿಮ್ಮ ಮನ್ಯಾಗ ಯಾರೂ ಕಟ್ಟಿಲ್ಲ ಅಂತ ಕಾಣಸ್ತದ. ನಮ್ಮವ್ವ 30 ವರ್ಷ ಕಟ್ಟಿದಾಳು, ಪಿಎಫ್‌ದಾಗ ಒಂದು ಪೈಸಾ ಇಲ್ಲ.

ಸಂಗಮೇಶ: ವೈಯಕ್ತಿಕ ಮಾತು ಬ್ಯಾಡ.

ಲಕ್ಷ್ಮಿ: ನೀವ ಶುರು ಮಾಡಿದ್ದು.

ವಿಜಯಾ: ನಾನು ಹಪ್ಪಳ ಲಟ್ಟಿಸ್ತೀನಿ, ಕಿಲೋ ಲೆಕ್ಕ. ಹಿಟ್ಟು ಅವರೇ ಕೊಡ್ತಾರ. ಎಣ್ಣಿ ನನ್ನದು. ಎಷ್ಟು ಹಿಡೀಲಿ?

ರೇಣುಕಾ: ಸರ್, ಪಿಎಫ್ ಎಷ್ಟು ಹೋಗಬೇಕು?

ಅಶೋಕ: ಬೀಡಿಗೆ 10 ಪ್ರತಿಶತ. ಅಷ್ಟೇ ಮಾಲಕನೂ ಕಟ್ಟಬೇಕು. ನಿಮ್ಮ ಕೂಲಿ ಮ್ಯಾಲ, 6,120ರ ಮ್ಯಾಲ ಅಲ್ಲ.

ಮಹಾಂತೇಶ: ಸರ್, ಇ-ಶ್ರಮ 3,000 ಖರೇನ?

ಅಶೋಕ: ಮ್ಯಾಲ ಓದ್ರಿ.

ಶಾಂತಾ: ಕೆಮ್ಮಿಗೆ ಬೆಲ್ಲ ತಿಂದ್ರ ತಂಬಾಕಿನ ಧೂಳು ಹೊರಗ ಬರ್ತದಂತ, ಹೌದೇನ್ರಿ?

ಅಶೋಕ: ನಾ ಲೆಕ್ಕದವ, ಡಾಕ್ಟರ್ ಅಲ್ಲ. ಬೆಲ್ಲ ತಿಂತಾ ಕುಂತು ಕೆಮ್ಮು ಬೆಳೆಸಬ್ಯಾಡ್ರಿ, ಎದಿ ತೋರಸ್ರಿ. ಮಕ್ಕಳು ಮಲಗೂ ಖೋಲ್ಯಾಗ ತಂಬಾಕು ಇಡಬ್ಯಾಡ್ರಿ.

ಸಂಗಮೇಶ: ಬೀಡಿ ಕಟ್ಟೋದೇ ಬಿಟ್ರ ಎಲ್ಲಾ ಮುಗೀತು.

ಲಕ್ಷ್ಮಿ: ತಾಸಿಗೆ 14 ಕೊಡೂ ಬ್ಯಾರೆ ಕೆಲಸ ಮನಿ ಬಾಗಿಲಿಗೆ ತಂದು ಕೊಡ್ರಿ, ಬಿಡ್ತೀವಿ.

ರೇಣುಕಾ: ಸರ್, ಚೀಟಿಯೊಳಗ 'ಮಾಲ್ ವಿಕ್ರಿ' ಅಂತ ಮರಾಠಿಯಾಗ ಬರದಾನ. ಕೆಳಗ ನನ್ನ ಸಹಿ ಐತಿ. ಇದು ನನಗ ತೊಂದರೇನ?

ಅಶೋಕ: ಆ ಚೀಟಿ ಹರೀಬ್ಯಾಡ್ರಿ. ಇನ್ನ ಮುಂದ ಖಾಲಿ ಕಾಗದಕ್ಕ ಸಹಿ ಮಾಡಬ್ಯಾಡ್ರಿ. ಆರು ತಿಂಗಳದ್ದು ಎಲ್ಲಾ ಫೋಟೋ ತೆಗದು ನನಗ ಒಬ್ಬಗ ಕಳಸ್ರಿ, ಗುಂಪಿನಾಗ ಹಾಕಬ್ಯಾಡ್ರಿ.

ಮಹಾಂತೇಶ: ಸರ್, 10 ಮಂದಿಗೆ ಕಳಿಸೇನಿ, ಈಗೇನು ಮಾಡಲಿ?